ಗೇಮ್ ಮೋಡ್ ಹಾಕಿದರೂ ಬ್ಯಾಟ್ ತಡವಾಗಿ ಬೀಸುತ್ತಿದೆ

ಮಂಜು, ವಿನೋಬನಗರ: ಸರ್, ಹೊಸ ಟಿವಿಗೆ ಪಿಎಸ್4 ಹಾಕಿದ್ದೇನೆ. ಕ್ರಿಕೆಟ್ ಆಟದಲ್ಲಿ ಬ್ಯಾಟ್ ಬೀಸುವಷ್ಟರಲ್ಲಿ ಬಾಲ್ ಕೀಪರ್ ಕೈಯಲ್ಲಿರುತ್ತದೆ. ಗೇಮ್ ಮೋಡ್ ಆನ್ ಮಾಡಿದರೂ ಹಂಗೇ ಇದೆ. ಮಾವನ ಮನೆ ಟಿವಿಯಲ್ಲಿ ಈ ತೊಂದರೆ ಇರಲಿಲ್ಲ.

ರವಿ, ಟಿವಿ ಸರ್ವಿಸ್, ದಾವಣಗೆರೆ: ಆನ್ ಮಾಡುವಾಗ ಟಿವಿಯಲ್ಲಿ ಏನು ಬರ್ತಿತ್ತು?

ಮಂಜು: ಸೆಟ್‌ಟಾಪ್ ಬಾಕ್ಸ್. ಅಮ್ಮನ ಸೀರಿಯಲ್.

ರವಿ: ಎಡವಟ್ಟು ಅಲ್ಲೇ. ಎಷ್ಟೋ ಟಿವಿಗಳು ಒಂದೊಂದು ಎಚ್‌ಡಿಎಂಐ ಪೋರ್ಟಿಗೂ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತವೆ. ನೀವು ಸೀರಿಯಲ್ಲಿಗೆ ಗೇಮ್ ಮೋಡ್ ಹಾಕಿದ್ದೀರಿ! ಗೇಮ್ ಬಂತು ಅಂತ ಟಿವಿಗೆ ತಾನೇ ಹೇಳುವುದು ಪಿಎಸ್5. ಪಿಎಸ್4 ಹೇಳುವುದಿಲ್ಲ. ಅದರ ಪೋರ್ಟಿಗೆ ಹೋಗಿ, ಆಟ ತೆರೆದಿಟ್ಟುಕೊಂಡೇ ಆನ್ ಮಾಡಿ.

ಆಮೇಲೆ ಅದೇ ಪೋರ್ಟಿನಲ್ಲಿ ಮೋಷನ್ ಸ್ಮೂದಿಂಗ್ ನೋಡಿ. ಕೆಲವು ಟಿವಿಯಲ್ಲಿ TruMotion, ಕೆಲವದರಲ್ಲಿ Motionflow ಅಂತಿರುತ್ತದೆ. ಎರಡು ಚಿತ್ರಗಳ ನಡುವೆ ಟಿವಿ ತಾನೇ ಒಂದು ಚಿತ್ರ ಕಟ್ಟಿ ತುರುಕುತ್ತದೆ. ಅದಕ್ಕೆ ಮುಂದಿನ ಚಿತ್ರ ಕೈಗೆ ಸಿಗಬೇಕಲ್ವಾ? ಅಲ್ಲಿಯವರೆಗೆ ಈಗಿನದನ್ನು ತಡೆದಿಟ್ಟಿರುತ್ತದೆ. ಗೇಮ್ ಮೋಡ್ ಸಾಮಾನ್ಯವಾಗಿ ಇದನ್ನು ಆಫ್ ಮಾಡುತ್ತದೆ. ಆದರೆ ಕೆಲವು ಟಿವಿಯಲ್ಲಿ ಗೇಮ್ ಮೋಡಿನೊಳಗೇ ಆಟಕ್ಕೆ ಅಂತ ಇನ್ನೊಂದು ಸ್ಮೂದಿಂಗ್ ಇರುತ್ತದೆ. ಅದನ್ನೂ ಆಫ್ ಮಾಡಿ.

ಶಶಿ, ಹರಿಹರ: ಚಿನ್ನದ ಲೇಪನದ ಕೇಬಲ್ ಹಾಕಿದ್ರೆ ಸರಿಹೋಗುತ್ತೆ. ಇಲ್ಲಾಂದ್ರೆ ಸರ್ವಿಸ್ ಮೆನು ತೆರೆಯೋ ವಿಡಿಯೋ ಇದೆ, ಫಾರ್ವರ್ಡ್ ಮಾಡ್ತೀನಿ.

ರವಿ: ಬೇಡ. ಕೇಬಲ್ ಕೆಟ್ಟರೆ ಚಿತ್ರ ಮಿನುಗುತ್ತದೆ, ಹೋಗುತ್ತದೆ. ತಡವಾಗುವುದಿಲ್ಲ. ಸರ್ವಿಸ್ ಮೆನುವಿನಲ್ಲಿ ಪ್ಯಾನೆಲ್ ನಂಬರ್ ಬದಲಿಸಿ, ಚಿತ್ರ ತಲೆಕೆಳಗಾಗಿ ಟಿವಿ ಹೊತ್ತು ತರುವವರು ಸಾಕಷ್ಟಿದ್ದಾರೆ.

ನಾಗರಾಜ್, ಹಿರಿಯೂರು: ನಮ್ಮದರಲ್ಲೂ ಹಿಂಗೇ. ಸಿನಿಮಾದಲ್ಲಿ ತುಟಿ ಮೊದಲು, ಮಾತು ಆಮೇಲೆ.

ರವಿ: ಅದು ಸೌಂಡಿನ ಕಥೆ. ಬೇರೆ ಪೋಸ್ಟ್ ಹಾಕಿ.

ಕಿರಣ್, ಚಿತ್ರದುರ್ಗ: 120 ಹರ್ಟ್ಸ್ ಟಿವಿ ತಗೊಂಡ್ರೆ ಲ್ಯಾಗೇ ಇರಲ್ಲ ಗುರು.

ಶಶಿ: ನಂದು 120. ಲ್ಯಾಗ್ ಇದೆ.

ಕಿರಣ್: ಸ್ಮೂದಿಂಗ್ ಆನ್ ಇರುತ್ತೆ ನಿಂದು.

ಶಶಿ: ನೀನು ನಮ್ಮನೆಗೆ ಬಂದು ನೋಡಿದ್ಯಾ?

ಅನಿಲ್, ನಿಟ್ಟುವಳ್ಳಿ: ಪ್ರೊಜೆಕ್ಟರಿಗೂ ಇದೇನಾ ಸರ್?

ಮಂಜು: ಸರ್, ಎರಡೂ ಮಾಡಿದೆ. ಆಟ ಹಗುರಾಗಿದೆ, ಆದರೆ ನನ್ನ ಭ್ರಮೆಯೋ ಏನೋ. ಅಳೆಯೋದು ಹೇಗೆ?

ರವಿ: ಒಳ್ಳೆ ಪ್ರಶ್ನೆ. ಫೋನಿನ ಸ್ಲೋ ಮೋಷನ್ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಡಿ. ಹೆಬ್ಬೆರಳು, ಟಿವಿ ಎರಡೂ ಒಂದೇ ಚೌಕಟ್ಟಿನಲ್ಲಿ ಬರಲಿ. ಬಟನ್ ತಳ ಮುಟ್ಟಿದ ಫ್ರೇಮಿನಿಂದ ಬ್ಯಾಟ್ ಅಲುಗಿದ ಫ್ರೇಮಿನವರೆಗೆ ಎಣಿಸಿ. ಮೊದಲಿನ ಸೆಟ್ಟಿಂಗಿನಲ್ಲಿ ಒಮ್ಮೆ, ಈಗಿನದರಲ್ಲಿ ಒಮ್ಮೆ.

ಮಂಜು: ಮೊದಲಿನದರಲ್ಲಿ 36. ಈಗ 14!

ರವಿ: ಒಂದು ಫ್ರೇಮಿಗೆ ನಾಲ್ಕು ಮಿಲಿಸೆಕೆಂಡ್ ಚಿಲ್ಲರೆ. 22 ಫ್ರೇಮ್ ಉಳಿಯಿತು ಅಂದರೆ ಸುಮಾರು 90 ಮಿಲಿಸೆಕೆಂಡ್. ಉಳಿದ 14ರಲ್ಲಿ ಕಂಟ್ರೋಲರಿನ ಪಾಲು, ಆಟದ್ದೇ ಪಾಲು ಇದೆ. ಅದು ಟಿವಿ ಸೆಟ್ಟಿಂಗಿನಿಂದ ಹೋಗುವುದಿಲ್ಲ.

ಮಂಜು: ಬಣ್ಣ ಸ್ವಲ್ಪ ಮಂಕಾಯ್ತು ಸರ್.

ರವಿ: ಚಿತ್ರ ತಿದ್ದುವ ಕೆಲಸ ಬಿಟ್ಟಿದೆಯಲ್ಲ, ಹಂಗೇ. ಬೇಕಿದ್ದರೆ ಆ ಪೋರ್ಟಿನಲ್ಲೇ ಬಣ್ಣ ಏರಿಸಿಕೊಳ್ಳಿ. ಸೀರಿಯಲ್ ಪೋರ್ಟಿನಲ್ಲಿ ಗೇಮ್ ಮೋಡ್ ತೆಗೆದುಬಿಡಿ.

ನಾಗರಾಜ್: ಸರ್, ಗೇಮ್ ಮೋಡ್ ಹಾಕಿದೆ. ತುಟಿ, ಮಾತು ಇನ್ನೂ ಸೇರುತ್ತಿಲ್ಲ.

ರವಿ: ಮೇಲೆ ಓದಿ ಯಜಮಾನರೇ.

ಶಶಿ: ಆಯ್ತು, ಸ್ಮೂದಿಂಗ್ ಆನ್ ಇತ್ತು. ಅದಕ್ಕೇನೀಗ?