ಸಹಾಯ ಬೇಕು: ಗ್ರಾಹಕರ ಅನಿಸಿಕೆ ಕೇಳುವ ಈ ಮೆಸೇಜ್ ನೋಡಿ ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ಅಂಗಡಿಗಳಿಗೆ ಬಿಲ್ಲಿಂಗ್, ಸ್ಟಾಕ್ ಲೆಕ್ಕ ಹೊಂದಿಸಿಕೊಡೋದು ನನ್ನ ಕೆಲಸ. ದಾವಣಗೆರೆಯ ಹಾರ್ಡ್‌ವೇರ್ ಅಂಗಡಿ ಮಾಲೀಕರೊಬ್ಬರು ಮೊನ್ನೆ ತಾವಾಗಿಯೇ ಫೋನ್ ಮಾಡಿ, "ಯಾವ ಸೈಜಿನ ಪೈಪ್ ಎಲ್ಬೋ ಎಷ್ಟಿದೆ ಅಂತ ಗೋಡೌನಿಗೆ ಹೋಗಿ ಎಣಿಸೋದು ತಪ್ತು" ಅಂದರು. ಈ ಮಾತನ್ನು ಅವರ ಹೆಸರಲ್ಲಿ ನನ್ನ ವೆಬ್‌ಸೈಟಿಗೆ ಹಾಕುವ ಆಸೆ. ಫೋನಲ್ಲಿ ಹೊಗಳಿದರು ಅಂದಮಾತ್ರಕ್ಕೆ ಹಾಕೋಕೆ ಒಪ್ಪಿದರು ಅಂತಲ್ಲವಲ್ಲ, ಅದಕ್ಕೇ ಕೇಳಬೇಕು.

ಮುಂದಿನ ತಿಂಗಳು ಅವರ ವಾರ್ಷಿಕ ಸರ್ವಿಸ್ ಒಪ್ಪಂದ ನವೀಕರಣಕ್ಕೆ ಬರುತ್ತೆ. ಆಗ ಕೇಳಿದರೆ ದಾಕ್ಷಿಣ್ಯಕ್ಕೆ ಹೂಂ ಅಂದುಬಿಡ್ತಾರೆ, ಆದ್ದರಿಂದ ಈಗಲೇ ಕೇಳ್ತೀನಿ. ರಿಯಾಯಿತಿಯ ಮಾತು ಎತ್ತಲ್ಲ. ದುಡ್ಡಿಗೆ ಬಂದ ಮೆಚ್ಚುಗೆಯನ್ನು ಓದುವವರು ನಂಬಬೇಕಾದರೂ ಯಾಕೆ?

ಬರೆದಿರೋದು ಇದು:

"ಸರ್, ಮೊನ್ನೆ ನೀವು ಗೋಡೌನ್ ಬಗ್ಗೆ ಹೇಳಿದ ಮಾತನ್ನು ನನ್ನ ವೆಬ್‌ಸೈಟಿನಲ್ಲಿ ಹಾಕಬಹುದಾ? ನೀವು ಏನೂ ಬರೆಯೋದು ಬೇಡ. ಮೊದಲು ಏನು ತೊಂದರೆ ಇತ್ತು, ಈಗ ಏನು ಬದಲಾಗಿದೆ, ಇನ್ನೂ ಏನು ಸರಿಹೋಗಬೇಕು, ಇಷ್ಟನ್ನು ಬಿಡುವಾದಾಗ ವಾಯ್ಸ್ ಮೆಸೇಜಿನಲ್ಲಿ ಹೇಳಿದರೆ ಸಾಕು. ನಾನು ಬರೆದು ಕಳಿಸ್ತೀನಿ, ನೀವು ಒಪ್ಪಿದ ಮೇಲೆಯೇ ಹಾಕ್ತೀನಿ. ಅಂಗಡಿ ಹೆಸರು ಬೇಡ ಅಂದರೂ ಸರಿ, ಹಾಕೋದೇ ಬೇಡ ಅಂದರೂ ಸರಿ. ನಮ್ಮ ಸರ್ವಿಸ್ ಎಂದಿನಂತೆ ಇರುತ್ತೆ."

ಕೊನೆಯ ಸಾಲು ಬೇಕಾ, ಅಥವಾ ಅದೇ ಮುಜುಗರ ತರುತ್ತಾ? ಉತ್ತರ ಬರದಿದ್ದರೆ ಒಂದು ಸಲ ನೆನಪಿಸಬಹುದಾ, ಸುಮ್ಮನಿರೋದೇ ಒಳ್ಳೆಯದಾ? ವ್ಯಾಪಾರದ ಅಂಕಿಗಳಿರುವ ಪೂರ್ತಿ ಕೇಸ್ ಸ್ಟಡಿಯನ್ನು ಇದರ ಜೊತೆ ಕೇಳ್ತಿಲ್ಲ. ಯಾರಾದರೂ ಅದನ್ನು ಆಮೇಲೆ ಬೇರೆಯಾಗಿ ಕೇಳಿದ್ದರೆ ಹೇಗೆ ಕೇಳಿದಿರಿ, ದಯವಿಟ್ಟು ತಿಳಿಸಿ.