ಚಂದ್ರಯಾನದ ಸ್ಲೈಡ್‌ಗಳಲ್ಲಿ ಯಾವುದು ಫೋಟೋ, ಯಾವುದು ರಚಿಸಿದ ಚಿತ್ರ ಅಂತ ತಿಳಿಸೋದು ಹೇಗೆ?

ಪ್ರಶ್ನೆ (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ): ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನಕ್ಕೆ ಶಾಲೆಯ ಇನ್‌ಸ್ಟಾಗ್ರಾಂ ಪುಟದಲ್ಲಿ ಚಂದ್ರಯಾನ-3ರ ಬಗ್ಗೆ ಎಂಟು ಸ್ಲೈಡಿನ ಕ್ಯಾರೊಸೆಲ್ ಹಾಕಬೇಕು. ಇಳಿಯುವ ಹೊತ್ತಿನ ನೇರಪ್ರಸಾರದ ಸ್ಕ್ರೀನ್‌ಶಾಟ್ ಇದೆ. ರೋವರ್ ತೆಗೆದ ಲ್ಯಾಂಡರ್ ಫೋಟೋ ಇದೆ, ಮಸುಕಾಗಿತ್ತು ಅಂತ ಆ್ಯಪ್‌ನಲ್ಲಿ ಸ್ಪಷ್ಟ ಮಾಡಿದ್ದೇನೆ. ಮುಖಪುಟ ಎಐಯಲ್ಲಿ ಮಾಡಿಸಿದ್ದು. ಚಂದ್ರನ ಮಣ್ಣಿನ ಮೇಲೆ ಅಶೋಕ ಲಾಂಛನದ ಗುರುತು ಬಿದ್ದ ಚಿತ್ರವೂ ಇದೆ. ಕೊನೆಯ ಸ್ಲೈಡಿನಲ್ಲಿ "ಕೆಲವು ಚಿತ್ರಗಳು ಕಾಲ್ಪನಿಕ" ಅಂತ ಬರೆದರೆ ಸಾಕಾ?

ಎಂಜಿನಿಯರಿಂಗ್ ವಿದ್ಯಾರ್ಥಿ: ಇಸ್ರೋ ಚಿತ್ರ ತಾನೆ ಮೇಡಂ, ತೊಂದರೆ ಇಲ್ಲ. ಎಲ್ಲಾ ಸ್ಲೈಡ್ ಕೆಳಗೆ "ಕೃಪೆ: ಇಸ್ರೋ" ಅಂತ ಹಾಕಿಬಿಡಿ.

ಪತ್ರಿಕೆಯೊಂದರ ಚಿತ್ರ ವಿಭಾಗದ ಸಂಪಾದಕ: ಮೇಡಂ, ಕೊನೆಯ ಸ್ಲೈಡಿನ ಆ ಸಾಲು ಸಾಲದು. ನಿಮ್ಮ ಎಂಟು ಸ್ಲೈಡ್ ಒಟ್ಟಿಗೆ ಉಳಿಯುವುದು ನಿಮ್ಮ ಪುಟದಲ್ಲಿ ಮಾತ್ರ. ಪೋಷಕರೊಬ್ಬರು ಚೆನ್ನಾಗಿ ಕಂಡ ಒಂದೇ ಸ್ಲೈಡನ್ನು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ. ಅಲ್ಲಿಗೆ ಅಡಿಬರಹವೂ ಹೋಗುವುದಿಲ್ಲ, ಕೊನೆಯ ಸ್ಲೈಡೂ ಹೋಗುವುದಿಲ್ಲ. ಅಲ್ಲದೆ "ಕೆಲವು" ಎಂದರೆ ಯಾವುವು? ಅದನ್ನು ಓದಿದ ಹುಡುಗ ನಿಜವಾದ ಫೋಟೋವನ್ನೂ ಅನುಮಾನಿಸುತ್ತಾನೆ. ಹಾಗಾಗಿ ಪ್ರತಿ ಚಿತ್ರದ ಮೇಲೆಯೇ ಅದು ಏನೆಂದು ಬರೆಯಬೇಕು. ನಿಜವಾದ ಫೋಟೋದ ಮೇಲೂ.

ಕೃಪೆಯ ಸಾಲು ಬೇರೆ ವಿಷಯ. ಚಿತ್ರ ಯಾರದು ಎಂದು ಅದು ಹೇಳುತ್ತದೆ, ಎಂಥದ್ದು ಎಂದು ಹೇಳುವುದಿಲ್ಲ. ನಿಮ್ಮ ಸ್ಕ್ರೀನ್‌ಶಾಟ್ ಇಸ್ರೋದ್ದೇ, ಆದರೂ ಅದು ಫೋಟೋ ಅಲ್ಲ. 2023ರ ಆಗಸ್ಟ್ 23ರ ಸಂಜೆ ಟಿವಿಯಲ್ಲಿ ನಾವೆಲ್ಲ ನೋಡಿದ, ನೆಲಕ್ಕೆ ಇಳಿಯುತ್ತಿದ್ದ ಲ್ಯಾಂಡರ್ ಕಂಪ್ಯೂಟರ್ ಅನಿಮೇಶನ್. ಪಕ್ಕದಲ್ಲಿದ್ದ ಎತ್ತರ, ವೇಗದ ಅಂಕಿಗಳು ನೌಕೆಯಿಂದ ಬಂದವು, ಚಿತ್ರ ಮಾತ್ರ ಬಿಡಿಸಿದ್ದು. ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ: ಇಳಿಯುತ್ತಿರುವ ಲ್ಯಾಂಡರನ್ನು ಹೊರಗೆ ನಿಂತು ತೆಗೆದ ಕ್ಯಾಮೆರಾ ಯಾವುದು? ಅಲ್ಲಿ ಅಂಥದ್ದು ಇರಲೇ ಇಲ್ಲ. ಆ ಸ್ಲೈಡಿಗೆ "ಅನಿಮೇಶನ್, ಫೋಟೋ ಅಲ್ಲ. ಅಂಕಿಗಳು ನೌಕೆಯ ಮಾಹಿತಿ" ಎಂದು ಬರೆಯಿರಿ. ಯಾವ ಭಾಗ ನಿಜ, ಯಾವುದು ರಚಿಸಿದ್ದು ಎಂದು ಬಿಡಿಸಿ ಹೇಳಿದರೆ ಆ ಸ್ಲೈಡೇ ಒಂದು ಪಾಠವಾಗುತ್ತದೆ.

ನನಗೆ ಹೆಚ್ಚು ಚಿಂತೆ ನೀವು "ಸ್ಪಷ್ಟ ಮಾಡಿದ" ಫೋಟೋದ್ದು. ಆಗಸ್ಟ್ 30ರಂದು ಪ್ರಜ್ಞಾನ್ ರೋವರ್‌ನ ದಾರಿ ನೋಡುವ ಕ್ಯಾಮೆರಾ ನ್ಯಾವ್‌ಕ್ಯಾಮ್, ವಿಕ್ರಮ್ ಲ್ಯಾಂಡರ್‌ನ ಚಿತ್ರ ತೆಗೆಯಿತು. ಆ ಕ್ಯಾಮೆರಾ ನಮ್ಮ ಬೆಂಗಳೂರಿನ ಲಿಯೋಸ್ ಪ್ರಯೋಗಾಲಯದಲ್ಲಿ ತಯಾರಾದದ್ದು. ಚಿತ್ರದಲ್ಲಿ ಎರಡು ಉಪಕರಣಗಳನ್ನು ಗುರುತಿಸಿ ಇಸ್ರೋ ChaSTE, ILSA ಎಂದು ಬರೆದಿತ್ತು. ಬೆಳಕು ಹೆಚ್ಚಿಸಿದರೆ, ಅಂಚು ಕತ್ತರಿಸಿದರೆ ಹೊಸದೇನೂ ಸೇರುವುದಿಲ್ಲ. ಆದರೆ ಈಗಿನ ಆ್ಯಪ್‌ಗಳ "ಸ್ಪಷ್ಟಗೊಳಿಸು" ಗುಂಡಿ ಹಾಗಲ್ಲ, ಮಸುಕಾದ ಕಡೆ ಏನಿರಬಹುದೆಂದು ಊಹಿಸಿ ತುಂಬುತ್ತದೆ. ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ ಮೊದಲು ಆ ಎರಡು ಹೆಸರುಗಳನ್ನು ಓದಿ. ಅಕ್ಷರ ಸೊಟ್ಟಗಾಗಿದ್ದರೆ ಆ್ಯಪ್ ಅವನ್ನು ತಾನೇ ಹೊಸದಾಗಿ ಬಿಡಿಸಿದೆ ಎಂದರ್ಥ. ಅಕ್ಷರಕ್ಕೆ ಮಾಡಿದ್ದನ್ನು ಪಕ್ಕದ ಕಲ್ಲಿಗೂ ಕುಳಿಗೂ ಮಾಡಿರುತ್ತದೆ. ಅಕ್ಷರ ಸರಿಯಿದ್ದರೂ ಕಲ್ಲುಗಳು ಸರಿ ಇವೆ ಅನ್ನಲಾಗದು, ಮೂಲದ ಜತೆ ಇಟ್ಟು ನೋಡಬೇಕು. ನನ್ನ ಸಲಹೆ, ಮೂಲವನ್ನೇ ಹಾಕಿ. ಮಸುಕಾಗಿರುವುದು ಅದರ ಕೊರತೆಯಲ್ಲ, ಆ ಕ್ಯಾಮೆರಾ ಕಂಡದ್ದೇ ಅಷ್ಟು.

ಲಾಂಛನದ ಚಿತ್ರವನ್ನು ತೆಗೆದುಬಿಡಿ. ಅದು ಕಲಾವಿದರೊಬ್ಬರ ಡಿಜಿಟಲ್ ಕೃತಿ, ನಿಜವಾದ ಫೋಟೋ ಎಂದು ಹರಿದಾಡಿತು. ರೋವರ್‌ನ ಹಿಂದಿನ ಚಕ್ರಗಳಲ್ಲಿ ಲಾಂಛನ ಕೆತ್ತಿದ್ದು ನಿಜವಾದ್ದರಿಂದಲೇ ಜನ ಅಷ್ಟು ಸುಲಭವಾಗಿ ನಂಬಿದರು. ಬದಲಿಗೆ ನಾಲ್ಕು ಮೀಟರ್ ಅಗಲದ ಕುಳಿ ಎದುರಾಗಿ ರೋವರ್ ದಾರಿ ಬದಲಿಸಿದಾಗ ಇಸ್ರೋ ಬಿಡುಗಡೆ ಮಾಡಿದ ಫೋಟೋ ಹಾಕಿ. ಅದರಲ್ಲಿ ಚಕ್ರದ ಜಾಡು ಚೆನ್ನಾಗಿ ಕಾಣುತ್ತದೆ.

ಸೋಷಿಯಲ್ ಮೀಡಿಯಾ ನೋಡಿಕೊಳ್ಳುವವರು: ಇಷ್ಟೆಲ್ಲ ಯಾಕೆ ಸರ್? ಪೋಸ್ಟ್ ಮಾಡುವಾಗ ಎಐ ಲೇಬಲ್ ಆನ್ ಮಾಡಿದರೆ ಇನ್‌ಸ್ಟಾಗ್ರಾಂ ತಾನೇ AI info ಅಂತ ತೋರಿಸುತ್ತೆ.

ಸಂಪಾದಕ: ಆನ್ ಮಾಡಲೇಬೇಕು, ಅದು ಸರಿ. ಆದರೆ ಆ ಲೇಬಲ್ ಇಡೀ ಪೋಸ್ಟಿಗೆ ಒಂದೇ. ಮುಖಪುಟ ಎಐ, ಮೂರನೆಯದು ನ್ಯಾವ್‌ಕ್ಯಾಮ್ ಎಂದು ಅದು ಬೇರೆ ಮಾಡಿ ತೋರಿಸುವುದಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಚಿತ್ರವನ್ನಷ್ಟೇ ಕತ್ತರಿಸಿಕೊಂಡರೆ ಅದೂ ಇರುವುದಿಲ್ಲ.

ಉರಗ ರಕ್ಷಕ, ಶಿವಮೊಗ್ಗ ಕಡೆ: ನಮ್ಮ ಹಾವಿನ ಪೋಸ್ಟ್‌ಗಳಲ್ಲೂ ಇದೇ ಗೋಳು. ಒಬ್ಬರು ಕಟ್ಟುಹಾವಿನ ಎಐ ಚಿತ್ರ ಹಾಕಿದ್ದರು, ಪಟ್ಟೆ ತಲೆಯ ಹತ್ತಿರ ದಟ್ಟ, ಬಾಲದ ಕಡೆ ಮಾಯ. ಹಾಗಿರೋದು ತೋಳದ ಹಾವು, ಅದಕ್ಕೆ ವಿಷ ಇಲ್ಲ. ಕಟ್ಟುಹಾವಿಗೆ ಬಾಲದವರೆಗೂ ಪಟ್ಟೆ ಇರುತ್ತೆ. "ಎಐ ಚಿತ್ರ" ಅಂತ ಸಣ್ಣದಾಗಿ ಬರೆದಿದ್ದರು. ಬರೆದು ಏನು ಬಂತು? ಅದನ್ನ ನೋಡಿ ಕಲಿತವನು ನಾಳೆ ವಿಷದ ಹಾವಿಗೆ ಕೈ ಹಾಕ್ತಾನೆ.

ಸಂಪಾದಕ: ಸರಿಯಾಗಿ ಹೇಳಿದಿರಿ. ಗುರುತು ಹಿಡಿಯಲು ಕಲಿಸುವ ಕಡೆ ರಚಿಸಿದ ಚಿತ್ರ ಬೇಡವೇ ಬೇಡ, ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೂ. ಮೇಡಂ, ನಿಮ್ಮ ಮುಖಪುಟದಲ್ಲಿ ಏನಿದೆ?

ಶಿಕ್ಷಕಿ: ಲ್ಯಾಂಡರ್, ಹಿಂದೆ ಆಕಾಶದ ತುಂಬ ನಕ್ಷತ್ರ, ನಡುನೆತ್ತಿಯಲ್ಲಿ ದೊಡ್ಡ ಭೂಮಿ. "ಸಾಂದರ್ಭಿಕ ಚಿತ್ರ" ಅಂತ ಹಾಕೋಣ ಅಂದುಕೊಂಡಿದ್ದೆ.

ಸಂಪಾದಕ: ಸಾಂದರ್ಭಿಕ ಎಂದರೆ ಬೇರೆಲ್ಲೋ ತೆಗೆದ ನಿಜವಾದ ಫೋಟೋ ಎಂದೇ ಪತ್ರಿಕೆ ಓದುವವರು ತಿಳಿಯುತ್ತಾರೆ. "ಎಐ ರಚಿಸಿದ ಚಿತ್ರ, ಫೋಟೋ ಅಲ್ಲ" ಎಂದು ನೇರವಾಗಿ ಬರೆಯಿರಿ. ಅದಕ್ಕೂ ಮೊದಲು ಚಿತ್ರ ತಿದ್ದಿ. ವಿಕ್ರಮ್ ಇಳಿದದ್ದು ಚಂದ್ರನ ದಕ್ಷಿಣಕ್ಕೆ ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿಂದ ಭೂಮಿ ದಿಗಂತಕ್ಕೆ ಹತ್ತಿರ, ತಗ್ಗಿನಲ್ಲಿ ಕಾಣುತ್ತದೆ, ನೆತ್ತಿಗೆ ಬರುವುದೇ ಇಲ್ಲ. ಗಾತ್ರವೂ ನಮಗೆ ಕಾಣುವ ಚಂದ್ರನ ನಾಲ್ಕರಷ್ಟು ಅಗಲದೊಳಗೆ. ಬಿಸಿಲಿನ ನೆಲಕ್ಕೆ ಹೊಂದಿಸಿದ ಕ್ಯಾಮೆರಾದಲ್ಲಿ ನಕ್ಷತ್ರ ಮೂಡುವುದಿಲ್ಲ.

1080 ಪಿಕ್ಸೆಲ್ ಅಗಲದ ಸ್ಲೈಡಿನಲ್ಲಿ ಅಕ್ಷರ 36 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಫೋನಿನಲ್ಲಿ ಓದಲಾಗದು. ಅಂಚಿಗೆ ಅಂಟಿಸಬೇಡಿ, ಕತ್ತರಿಸಿಹೋಗುತ್ತದೆ. ಚಿತ್ರದ ಒಳಗೇ, ಮೇಲಿನ ಎಡ ಮೂಲೆಯಲ್ಲಿ, ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಇರಲಿ. ದೃಷ್ಟಿ ಇಲ್ಲದವರ ಫೋನ್ ಓದಿ ಹೇಳುವ ಚಿತ್ರವಿವರಣೆಯಲ್ಲೂ ಅದೇ ಸಾಲು ಹಾಕಿ.

ಸೋಷಿಯಲ್ ಮೀಡಿಯಾ ನೋಡಿಕೊಳ್ಳುವವರು: ಮುಖಪುಟದ ಮೇಲೇ "ಫೋಟೋ ಅಲ್ಲ" ಅಂತ ಕಂಡರೆ ಮಕ್ಕಳು ಮುಂದಿನ ಸ್ಲೈಡಿಗೆ ಸರಿಸೋದೇ ಇಲ್ಲ. ಎರಡನೇ ಸ್ಲೈಡಿನಲ್ಲಿ ಹೇಳಲಿ ಬಿಡಿ.

ಸಂಪಾದಕ: ನಾನಂತೂ ಒಪ್ಪುವುದಿಲ್ಲ. ಪುಟ ತೆರೆದರೆ ಕಣ್ಣಿಗೆ ಬೀಳುವುದು ಆ ಒಂದು ಚಿತ್ರವೇ.

ಶಿಕ್ಷಕಿ: ಈಗ ನೋಡಿದೆ ಸರ್, ILSA ಅನ್ನೋದು ಸೊಟ್ಟಗಾಗಿದೆ, S ಇರುವ ಕಡೆ 8ರ ಥರ ಏನೋ ಬಂದಿದೆ. ಮೂಲವನ್ನೇ ಹಾಕ್ತೇನೆ: "ನಿಜವಾದ ಫೋಟೋ. ಪ್ರಜ್ಞಾನ್ ರೋವರ್, 30-8-2023. ಅಂಚು ಮಾತ್ರ ಕತ್ತರಿಸಿದೆ." ಮುಖಪುಟಕ್ಕೂ ಅದನ್ನೇ ಹಾಕಿದರೆ ಹೇಗೆ? ಬರೀ ಕಪ್ಪು ಬಿಳುಪು, ಮಕ್ಕಳು ನೋಡ್ತಾರೋ ಇಲ್ಲವೋ ಗೊತ್ತಿಲ್ಲ.

ಉರಗ ರಕ್ಷಕ: ಹಾಕಿ ನೋಡಿ ಮೇಡಂ. ಎಷ್ಟು ಜನ ಕೊನೆವರೆಗೆ ಸರಿಸಿದರು ಅಂತ ಇಲ್ಲೇ ತಿಳಿಸಿ, ನಮಗೂ ಬೇಕು.