ಪ್ಯಾನ್ ಇಲ್ಲದೆ ಹಣ ಕಟ್ಟಿಸಿಕೊಳ್ಳಲ್ಲ ಅಂದರು: ಆಡಿಟರ್ ಮೇಡಂಗೆ ಪ್ರಶ್ನೆಗಳು

(ಕಲಬುರಗಿ ಜಿಲ್ಲೆಯ ತೊಗರಿ ಬೆಳೆಗಾರರ ಗುಂಪು, ಜನವರಿ 2025)

ಚಿತ್ತಾಪುರದ ಸದಸ್ಯ: ಮೇಡಂ, ಅಪ್ಪ ಗಂಜ್‌ನಲ್ಲಿ 25 ಕ್ವಿಂಟಲ್ ತೊಗರಿ ಮಾರಿದರು. ಕ್ವಿಂಟಲ್‌ಗೆ 7,400. ಹಮಾಲಿ, ತೂಕ ಕಳೆದು ಕೈಗೆ 1,82,000 ನಗದು ಬಂತು. ಬ್ಯಾಂಕಿನಲ್ಲಿ ಪ್ಯಾನ್ ಇಲ್ಲ ಅಂತ ವಾಪಸ್ ಕಳಿಸಿದರು. ಈಗ ನನ್ನ ಖಾತೆಗೆ ದಿನಕ್ಕೆ 45,500ರಂತೆ ನಾಲ್ಕು ದಿನ ಹಾಕೋಣ ಅಂದುಕೊಂಡಿದ್ದೇವೆ. ನನಗೆ ಪ್ಯಾನ್ ಇದೆ, ಬೆಂಗಳೂರಲ್ಲಿ ನೌಕರಿ. ಚಿಕ್ಕಪ್ಪಂದಿರ ದುಡ್ಡೂ ನನ್ನ ಖಾತೆಗೇ ಬರಬಹುದು. ಏನೂ ತೊಂದರೆ ಇಲ್ಲ ತಾನೆ?

ಆಡಿಟರ್: ತೊಂದರೆ ಇದೆ, ಅದಕ್ಕೇ ಇದಕ್ಕೆ ಉದ್ದವಾಗಿ ಬರೆಯುತ್ತೇನೆ. ಮೊದಲು ಕೌಂಟರ್‌ನ ಮಾತು. ಒಂದೇ ದಿನ 50,000 ಮೀರಿ ನಗದು ಕಟ್ಟಿದರೆ ಪ್ಯಾನ್ ಕೊಡಬೇಕು, ಅದು ನಿಜ. ಆದರೆ ಪ್ಯಾನ್ ಮಾಡಿಸದೇ ಇರುವವರಿಗೆ ಫಾರಂ 60 ಅಂತ ಇದೆ. ಅದನ್ನು ತುಂಬಿ, ಗುರುತಿನ ಮತ್ತು ವಿಳಾಸದ ದಾಖಲೆ ಜೊತೆಗಿಟ್ಟರೆ ಬ್ಯಾಂಕ್ ಕಟ್ಟಿಸಿಕೊಳ್ಳಬೇಕು. ಕೌಂಟರ್‌ನವರು ಅರ್ಧ ನಿಯಮ ಮಾತ್ರ ಹೇಳಿ ಕಳಿಸಿದ್ದಾರೆ.

ಅಪ್ಪನ ದುಡ್ಡು ಅಪ್ಪನ ಖಾತೆಗೇ ಹೋಗಲಿ. ಫಾರಂನಲ್ಲಿ ಅಂದಾಜು ಆದಾಯಕ್ಕೆ ಎರಡು ಕಡೆ ಜಾಗ ಇದೆ. ಒಂದು ಬೇಸಾಯದ್ದು, ಇನ್ನೊಂದು ಬೇಸಾಯ ಬಿಟ್ಟು ಬೇರೆಯದು. ಕಟ್ಟುವ ಮೊತ್ತ 1,82,000 ಅಂತ ಅದರ ಜಾಗದಲ್ಲಿ ಬರೆಯಿರಿ. ಆದಾಯದ ಜಾಗದಲ್ಲಿ ಅದೇ ಅಂಕಿ ಇಳಿಸಬೇಡಿ. ಬೀಜ, ಗೊಬ್ಬರ, ಔಷಧಿ, ಕೂಲಿ ಎಲ್ಲ ಕಳೆದು ಈ ವರ್ಷ ಉಳಿಯುವುದು ಎಷ್ಟು, ಅದು ಬರಬೇಕು. ಮನೆಯಲ್ಲಿ ಎಮ್ಮೆ ಇದ್ದು ಹಾಲು ಮಾರಿದರೆ ಆ ದುಡ್ಡು ಎರಡನೇ ಜಾಗಕ್ಕೆ. ಹಾಲು ಬೇಸಾಯದ ಆದಾಯ ಅಲ್ಲ, ಇಲ್ಲಿ ತುಂಬ ಜನ ತಪ್ಪುತ್ತಾರೆ. ಎರಡನೇ ಜಾಗದ ಮೊತ್ತ ತೆರಿಗೆ ಬೀಳುವಷ್ಟು ಇದ್ದರೆ ಬರೀ ಫಾರಂ 60 ನಡೆಯಲ್ಲ, ಪ್ಯಾನ್‌ಗೆ ಅರ್ಜಿ ಹಾಕಿರಬೇಕು.

ಈಗ ನಿಮ್ಮ ಖಾತೆಯ ವಿಷಯ. ನಿಮ್ಮ ಖಾತೆಗೆ ಪ್ಯಾನ್ ಮೊದಲೇ ಜೋಡಿಸಿದೆ. ಅಂದ ಮೇಲೆ 45,500 ಮಾಡಿ ಹಾಕಿ ಮುಚ್ಚಿಡುವುದು ಏನು? ಅಪ್ಪನದು, ಚಿಕ್ಕಪ್ಪಂದಿರದು ಎಲ್ಲ ಸೇರಿ ವರ್ಷಕ್ಕೆ ನಿಮ್ಮ ಉಳಿತಾಯ ಖಾತೆಗಳಲ್ಲಿ 10 ಲಕ್ಷ ನಗದು ಆದರೆ ಬ್ಯಾಂಕ್ ತಾನಾಗಿಯೇ ಇಲಾಖೆಗೆ ವರದಿ ಕೊಡುತ್ತದೆ. ಆಗ ಕೇಳುವುದು ನಿಮ್ಮನ್ನು, ಚಿಕ್ಕಪ್ಪನನ್ನಲ್ಲ. ಹೊಲ ನಿಮ್ಮ ಹೆಸರಲ್ಲಿ ಇಲ್ಲ, ಪಟ್ಟಿ ನಿಮ್ಮ ಹೆಸರಲ್ಲಿ ಇಲ್ಲ. "ಇದು ನಮ್ಮ ತೊಗರಿ ದುಡ್ಡು" ಅಂದರೆ ಯಾರು ನಂಬಬೇಕು? ಮೂಲ ತೋರಿಸಲಾಗದ ನಗದಿಗೆ 60% ತೆರಿಗೆ, ಅದರ ಮೇಲೆ ಸರ್ಚಾರ್ಜ್ ಬೇರೆ. ಅಪ್ಪ ತನ್ನ ಖಾತೆಗೆ ಕಟ್ಟಿ, ಆಮೇಲೆ ನಿಮಗೆ ವರ್ಗಾಯಿಸಲಿ. ಅಪ್ಪ ಮಗನಿಗೆ ಕೊಟ್ಟದ್ದಕ್ಕೆ ತೆರಿಗೆ ಇಲ್ಲ, ದಾರಿಯೂ ಕಾಣುತ್ತದೆ.

ಅಡತಿಯವರು ಕೊಟ್ಟ ಪಟ್ಟಿ ಮತ್ತು ಪಹಣಿ ಒಂದೇ ಪ್ಲಾಸ್ಟಿಕ್ ಕವರ್‌ನಲ್ಲಿ ಇಡಿ. ಪಟ್ಟಿಯ ಶಾಯಿ ಆರು ತಿಂಗಳಿಗೆ ಮಾಸುತ್ತದೆ, ಫೋಟೊ ತೆಗೆದುಕೊಳ್ಳಿ.

ಸೇಡಂ ರೈತ: ವಾಟ್ಸಾಪ್‌ನಲ್ಲಿ ಬಂದಿದೆ ನೋಡ್ರೀ. ದಿನಕ್ಕೆ 49,999 ಹಾಕಿದರೆ ಯಾರಿಗೂ ಗೊತ್ತಾಗಲ್ವಂತೆ. ಖರೇನಾ?

ಆಡಿಟರ್: ಆ ದಿನ ಪ್ಯಾನ್ ಕೇಳಲ್ಲ, ಅಷ್ಟೇ ನಿಜ. ದಿನಾ 49,999 ಬೀಳುವ ಖಾತೆ ಬ್ಯಾಂಕಿನ ಕಣ್ಣಿಗೆ ಮೊದಲು ಬೀಳುತ್ತದೆ. ಅನುಮಾನ ಬಂದರೆ ಅದನ್ನು ಬೇರೆ ಕಡೆ ವರದಿ ಮಾಡುವುದೂ ಅವರ ಕೆಲಸ. ಇದನ್ನು ಕಳಿಸಿದವರು ನಿಮ್ಮ ನೋಟಿಸ್‌ಗೆ ಉತ್ತರ ಬರೆಯಲು ಬರುತ್ತಾರಾ, ಕೇಳಿ ನೋಡಿ.

ಬೀದರ್ ಕಿರಾಣಿ: ಬೇಸಾಯಕ್ಕೆ ತೆರಿಗೆನೇ ಇಲ್ಲ. ಮತ್ತೆ ರೈತನಿಗೆ ಪ್ಯಾನ್ ಯಾಕೆ ಕೇಳೋದು? ಇದು ಸುಮ್ನೆ ಕಾಟ.

ಆಡಿಟರ್: ತೆರಿಗೆ ಇಲ್ಲ, ಸರಿ. ಆದರೆ ನೋಟಿನ ಮೇಲೆ ಯಾರ ಹೆಸರೂ ಇರಲ್ಲ. ಚೆಕ್‌ನಲ್ಲಿ ಕೊಟ್ಟವರ ಹೆಸರಿರುತ್ತದೆ. ನಗದು ಎಲ್ಲಿಂದ ಬಂತು ಅನ್ನುವುದು ಕೌಂಟರ್‌ನಲ್ಲೇ ಕಳೆದುಹೋಗುತ್ತದೆ. ಅಲ್ಲಿ ಒಂದು ಹೆಸರು ಕಟ್ಟಿಡುವುದಕ್ಕೆ ಈ ನಿಯಮ. ನಿಮ್ಮ ತೊಗರಿ ದುಡ್ಡಿಗೆ ತೆರಿಗೆ ಹಾಕಲು ಅಲ್ಲ. ಫಾರಂ 60ರ ವಿವರವನ್ನೂ ಬ್ಯಾಂಕ್ ಆರು ತಿಂಗಳಿಗೊಮ್ಮೆ ಇಲಾಖೆಗೆ ಕಳಿಸುತ್ತದೆ. ಪ್ಯಾನ್ ಇಲ್ಲ ಅಂದ ಮಾತ್ರಕ್ಕೆ ಕಾಣದಂತೆ ಹೋಗಲ್ಲ. ಇದು ಗೊತ್ತಿದ್ದರೆ ಅರ್ಧ ಜನ ಬುದ್ಧಿವಂತಿಕೆ ಮಾಡುತ್ತಿರಲಿಲ್ಲ.

ಬೀದರ್ ಕಿರಾಣಿ: ದೊಡ್ಡ ಸಾವುಕಾರರಿಗೆ ಈ ನಿಯಮ ಇದೆಯಾ? ಅವರು ಹೇಗೋ ಹಾಕ್ತಾರಲ್ಲ.

ಬ್ಯಾಂಕ್ ನಿವೃತ್ತ, ಕಲಬುರಗಿ: ಸಾವುಕಾರರು ಹೇಗೆ ಹಾಕ್ತಾರೆ ಅಂತ ನಾನು 31 ವರ್ಷ ನೋಡಿದ್ದೇನೆ. ಹಮಾಲರ ಹೆಸರಲ್ಲಿ ಹಾಕುತ್ತಿದ್ದರು. ನೋಟ್ ಬ್ಯಾನ್ ಆದಾಗಲೂ ಅದೇ. ಸಿಕ್ಕಿಕೊಂಡದ್ದು ಹಮಾಲರು. ಅದಕ್ಕೇ ಬೇರೆಯವರ ದುಡ್ಡು ನಿಮ್ಮ ಖಾತೆಗೆ ಬೇಡ ಅನ್ನೋದು. ಹಾಂ, ಫಾರಂ 60ರ ಆಯ್ಕೆ ಬ್ಯಾಂಕಿನ ಸಿಸ್ಟಮ್‌ನಲ್ಲೂ ಇರುತ್ತದೆ. ಹೊಸ ಹುಡುಗರಿಗೆ ಅದು ಗೊತ್ತಿರಲ್ಲ. ಮ್ಯಾನೇಜರ್ ಹತ್ತಿರ ಹೋಗಿ.

ಬೀದರ್ ಕಿರಾಣಿ: ನಿಮ್ಮ ಬ್ಯಾಂಕಿನವರು ಯಾವತ್ತೂ ಬ್ಯಾಂಕಿನ ಪರವೇ.

ಬ್ಯಾಂಕ್ ನಿವೃತ್ತ, ಕಲಬುರಗಿ: ಕೌಂಟರ್ ಹುಡುಗ ತಪ್ಪು ಮಾಡಿದ ಅಂತಲೇ ಬರೆದಿದ್ದೇನೆ. ಪೂರ್ತಿ ಓದಿರಿ ಮೊದಲು.

ಯಾದಗಿರಿ ಅಕ್ಕ: ನನ್ನ ಖಾತೆ ಜನಧನ್. 60,000 ಕಟ್ಟಲು ಹೋದೆ, ಪ್ಯಾನ್ ಕೊಟ್ಟೆ. ಆದರೂ ಆಗಲ್ಲ ಅಂದರು. ಇದೂ ಅದೇ ನಿಯಮನಾ ಮೇಡಂ?

ಆಡಿಟರ್: ಅಲ್ಲ ಅಕ್ಕ, ಇದು ಬೇರೆ. ಪೂರ್ತಿ ದಾಖಲೆ ಕೊಡದೆ ತೆರೆದ ಖಾತೆ ಆಗಿದ್ದರೆ ಅದರಲ್ಲಿ 50,000ಕ್ಕಿಂತ ಜಾಸ್ತಿ ಉಳಿಯುವಂತಿಲ್ಲ, ವರ್ಷಕ್ಕೆ 1 ಲಕ್ಷ ಮೀರಿ ಜಮಾ ಆಗುವಂತಿಲ್ಲ. ಆಧಾರ್ ಕೊಟ್ಟು ಕೆವೈಸಿ ಪೂರ್ತಿ ಮಾಡಿಸಿ, ಮಾಮೂಲಿ ಖಾತೆ ಆಗುತ್ತದೆ. ಮಾಡಿಸಿದ ಮೇಲೂ ಬೇಡ ಅಂದರೆ ಕಾರಣ ಬರೆದು ಕೊಡಿ ಅನ್ನಿ.

ಅಫಜಲಪುರ: ಪ್ಯಾನ್ ಇಲ್ಲದೆ ಕಟ್ಟಬಹುದಾ ಮೇಡಂ?

ಆಡಿಟರ್: ಮೇಲೆ ಓದಿ.

ಆಳಂದ: ನನ್ನ ಹತ್ತಿರ ಪ್ಯಾನ್ ಇದೆ, ಆಧಾರ್‌ಗೆ ಜೋಡಿಸಿಲ್ಲ. ಅದಕ್ಕೇ ಫಾರಂ 60 ಕೊಟ್ಟುಬಿಡಲಾ?

ಆಡಿಟರ್: ಬೇಡ. ಪ್ಯಾನ್ ಇದ್ದೂ ಇಲ್ಲ ಅಂತ ಸಹಿ ಹಾಕುವುದು ಸುಳ್ಳು ಘೋಷಣೆ. 1,000 ಕಟ್ಟಿ ಜೋಡಿಸಿ.

ಜೇವರ್ಗಿ: 50,000 ಸರಿಯಾಗಿ ಕಟ್ಟಿದರೆ ಪ್ಯಾನ್ ಬೇಕಾ?

ಆಡಿಟರ್: ಮೀರಿದರೆ ಮಾತ್ರ.

ಸೇಡಂ ರೈತ: ಎರಡು ಬ್ರಾಂಚ್‌ನಲ್ಲಿ ಅರ್ಧ ಅರ್ಧ?

ಆಡಿಟರ್: ಒಂದೇ ಬ್ಯಾಂಕ್ ಆದರೆ ಒಂದು ದಿನದ್ದು ಸೇರಿಸಿಯೇ ಲೆಕ್ಕ. ಇಷ್ಟು ಓಡಾಡುವ ಬದಲು ಪ್ಯಾನ್ ಮಾಡಿಸಬಾರದಾ? ಆಧಾರ್‌ಗೆ ಮೊಬೈಲ್ ಜೋಡಿಸಿದ್ದರೆ incometax.gov.in ನಲ್ಲಿ ಇ-ಪ್ಯಾನ್ ಉಚಿತ.

ಅಡತಿ ಅಂಗಡಿಯವರು: ನಾವು ರೈತರಿಗೆ ನಗದು ಕೊಡುವಾಗ 2 ಲಕ್ಷದ ಮಿತಿ ಇದೆಯಂತಲ್ಲ, ಅದು ದಿನಕ್ಕಾ ಪಟ್ಟಿಗಾ? ಎರಡು ಪಟ್ಟಿ ಮಾಡಿದರೆ?

ಬೀದರ್ ಕಿರಾಣಿ: ನೋಡಿ, ಇವರೇ ಎರಡು ಪಟ್ಟಿ ಅಂತಿದ್ದಾರೆ. ನಾನು ಹೇಳಿದ್ದು ಇದನ್ನೇ.

ಅಡತಿ ಅಂಗಡಿಯವರು: ಕೇಳಿದ್ದಷ್ಟೇ ರೀ. ನಿಮ್ಮ ಕಿರಾಣಿ ಬಿಲ್ ಮೊದಲು ನೋಡಿಕೊಳ್ಳಿ.

ಅಫಜಲಪುರ: ಮೇಲೆ ಎಲ್ಲಿ ಅಂತ ಹೇಳಿ ಮೇಡಂ, ಸಿಗ್ತಿಲ್ಲ.

ಚಿತ್ತಾಪುರದ ಸದಸ್ಯ: ಇವತ್ತು ಅಪ್ಪನ ಜೊತೆ ಹೋಗಿದ್ದೆ. ಮತ್ತೆ ಪ್ಯಾನ್ ಪ್ಯಾನ್ ಅಂದರು. ಮ್ಯಾನೇಜರ್ ಹತ್ತಿರ ಹೋದೆವು. ಫಾರಂ ಅವರ ಹತ್ತಿರ ಇರಲಿಲ್ಲ, ಎದುರಿನ ಜೆರಾಕ್ಸ್ ಅಂಗಡಿಯಲ್ಲಿ 5 ರೂಪಾಯಿಗೆ ಸಿಕ್ತು. ಹಾಲಿಂದು 30,000 ಅಂತ ಎರಡನೇ ಕಡೆ ಬರೆದೆವು. ಅಪ್ಪ ಸಹಿ ಹಾಕಿದರು, 1,82,000 ಜಮಾ ಆಯಿತು. ಚಿಕ್ಕಪ್ಪ ಮಾತ್ರ ನನ್ನ ಖಾತೆಗೇ ಹಾಕು ಅಂತ ಕೂತಿದ್ದಾರೆ. ಅವರಿಗೆ ಏನು ಹೇಳಲಿ?

ಆಡಿಟರ್: ಫಾರಂ ಇನ್ನೊಂದು ಜೆರಾಕ್ಸ್ ತೆಗೆಸಿ ಕೊಡಿ.